ಝಿಗ್‌ಝಾಗೋ, ಸ್ಟಾರ್-ಡೆಲ್ಟಾವೋ: ಎರಡನ್ನೂ ಓಡಿಸಿ ನೋಡಿದ ಮೇಲೆ

ನ್ಯೂಟ್ರಲ್ ಇಲ್ಲದ ಕಡೆ ನೆಲಕ್ಕೆ ಕಟ್ಟಲು ಒಂದು ನ್ಯೂಟ್ರಲ್ ಮಾಡಿಕೊಡುವ ಅರ್ಥಿಂಗ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಇವು ಎರಡು ಬಗೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಝಿಗ್‌ಝಾಗ್‌ಗೆ. ಅದು ನನಗೆ ಎರಡು ರಾತ್ರಿ ನಿದ್ದೆ ಕೆಡಿಸಿತು ಅನ್ನುವುದನ್ನು ಲೆಕ್ಕಕ್ಕೆ ಹಿಡಿದ ಮೇಲೂ.

ನಮ್ಮದು 5 ಎಂವಿಎ, 33/11 ಕೆವಿ ಟ್ರಾನ್ಸ್‌ಫಾರ್ಮರ್. 11 ಕೆವಿ ಕಡೆ ಡೆಲ್ಟಾ, ಅಂದರೆ ನೆಲಕ್ಕೆ ಕಟ್ಟಲು ನ್ಯೂಟ್ರಲ್ಲೇ ಇಲ್ಲ. ಬಹಳ ದಿನ ಹಾಗೆಯೇ ಓಡಿಸಿದೆವು. ವೋಲ್ಟೇಜ್ ಅಳೆಯುವ ಓಪನ್ ಡೆಲ್ಟಾ ಪಿಟಿ ಒಂದು ಅಲಾರಂ ಕೊಡುತ್ತಿತ್ತು, ಅಷ್ಟೇ. ಒಂದು ಫೇಸ್ ನೆಲಕ್ಕೆ ತಾಗಿದರೆ ಉಳಿದೆರಡು ಫೇಸ್‌ಗಳು ನೆಲಕ್ಕೆ ಹೋಲಿಸಿದರೆ 6.35 ಕೆವಿಯಿಂದ 11 ಕೆವಿಗೆ ಏರುತ್ತವೆ. ಗಂಟೆ ಹೊಡೆಯುತ್ತದೆ, ಆದರೆ ಯಾವ ಫೀಡರ್ ಎಂದು ಅದು ಹೇಳುವುದಿಲ್ಲ. ನಾವು ಒಂದೊಂದೇ ಫೀಡರ್ ತೆಗೆದು ಹಾಕಿ ಹುಡುಕುವಷ್ಟರಲ್ಲಿ ಆ ಏರಿದ ವೋಲ್ಟೇಜಿಗೆ ಬೇರೆಲ್ಲೋ ಇನ್ನೊಂದು ಫೇಸಿನ ಹಳೆಯ ಕೇಬಲ್ ಜಾಯಿಂಟ್ ಸಿಡಿಯುತ್ತಿತ್ತು. ನಾಲ್ಕನೇ ಜಾಯಿಂಟ್ ಸುಟ್ಟ ದಿನ ಅರ್ಥಿಂಗ್ ಟ್ರಾನ್ಸ್‌ಫಾರ್ಮರ್ ತರಿಸೋಣ ಎಂದು ತೀರ್ಮಾನವಾಯಿತು.

ಸ್ಟಾರ್-ಡೆಲ್ಟಾ ಬಗೆಯದನ್ನು ನಾನು ಇದಕ್ಕೂ ಮೊದಲು ಬೇರೆ ಕಡೆ ಓಡಿಸಿದ್ದೆ. ಕೆಟ್ಟದ್ದೇನಲ್ಲ. ಸ್ಟಾರ್‌ನ ನ್ಯೂಟ್ರಲ್ ನೆಲಕ್ಕೆ, ಡೆಲ್ಟಾ ಸುಮ್ಮನೆ ಮುಚ್ಚಿದ ಉಂಗುರ. ನೆಲಕ್ಕೆ ಬಿದ್ದ ಕರೆಂಟು ನ್ಯೂಟ್ರಲ್ ಹತ್ತಿ ಮೂರು ಫೇಸ್‌ಗಳಿಗೂ ಸಮನಾಗಿ ಹಂಚಿಹೋಗುವಾಗ ಅದಕ್ಕೆ ಎದುರಾದ ಕರೆಂಟು ಆ ಉಂಗುರದಲ್ಲಿ ಸುತ್ತಬೇಕು. ಆಗಲೇ ಇಂಪೀಡೆನ್ಸ್ ಕಡಿಮೆ. ಒಮ್ಮೆ ಟೆಸ್ಟಿಂಗ್ ಮುಗಿಸಿದವರು ಡೆಲ್ಟಾದ ಒಂದು ಲಿಂಕ್ ಬಿಚ್ಚಿಟ್ಟು ಹೋಗಿದ್ದರು. ಹೊರಗಿಂದ ನೋಡಿದರೆ ಎಲ್ಲವೂ ಸರಿ, ಗುಂಯ್ ಎನ್ನುವ ಸದ್ದೂ ಮಾಮೂಲಿ. ಫಾಲ್ಟ್ ಬಂದಾಗ ಮಾತ್ರ ನ್ಯೂಟ್ರಲ್‌ನಲ್ಲಿ ಬರಬೇಕಾದಷ್ಟು ಕರೆಂಟು ಬರಲಿಲ್ಲ.

ಝಿಗ್‌ಝಾಗ್‌ನಲ್ಲಿ ಆ ಉಂಗುರವೇ ಬೇಡ. ಕೋರ್‌ನ ಪ್ರತಿ ಲಿಂಬ್ ಮೇಲೆ ಎರಡು ಅರ್ಧ ಸುತ್ತುಗಳು, ಎರಡೂ ಬೇರೆ ಬೇರೆ ಫೇಸಿಗೆ ಸೇರಿದವು, ಒಂದಕ್ಕೊಂದು ತಿರುಗುಮುರುಗು. ಮೂರೂ ಫೇಸ್‌ನಲ್ಲಿ ಒಂದೇ ದಿಕ್ಕಿನ ಸಮನಾದ ಕರೆಂಟು, ಅದೇ ಜೀರೊ ಸೀಕ್ವೆನ್ಸ್, ಹರಿದಾಗ ಒಂದೇ ಲಿಂಬ್‌ನ ಎರಡು ಅರ್ಧಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಉಳಿಯುವುದು ಲೀಕೇಜ್ ಇಂಪೀಡೆನ್ಸ್ ಮಾತ್ರ. ಮಾಮೂಲಿ ಮೂರು ಫೇಸ್ ವೋಲ್ಟೇಜಿಗೆ ಮಾತ್ರ ಅದೇ ಸುತ್ತು ಮ್ಯಾಗ್ನೆಟೈಸಿಂಗ್ ಕರೆಂಟನ್ನಷ್ಟೇ ಎಳೆಯುತ್ತದೆ. ಒಂದೇ ನ್ಯೂಟ್ರಲ್ ಕರೆಂಟಿಗೆ ಲೆಕ್ಕ ಹಾಕಿದರೆ ಸುತ್ತುಗಳ ಒಟ್ಟು ಕೆವಿಎ ಸ್ಟಾರ್-ಡೆಲ್ಟಾದ ಸುಮಾರು 58 ಪರ್ಸೆಂಟ್. ಬಜೆಟ್ ಸಭೆಯಲ್ಲಿ ನಾನು ಹೇಳಿದ್ದು ಈ ಒಂದು ಅಂಕಿಯನ್ನಷ್ಟೇ.

ನಮಗೆ ಬೇಕಿದ್ದದ್ದು ನೆಲದ ಫಾಲ್ಟ್ ಕರೆಂಟ್ 300 ಆಂಪಿಯರ್. 6350 ವೋಲ್ಟಿಗೆ ಮೂರು ಪಟ್ಟು ಮಾಡಿ 300ರಿಂದ ಭಾಗಿಸಿದರೆ 63.5 ಓಮ್. ಇದರಲ್ಲಿ ಝಿಗ್‌ಝಾಗ್‌ನದು ಫೇಸಿಗೆ 9 ಓಮ್, ಅದು ಬಹುತೇಕ ರಿಯಾಕ್ಟೆನ್ಸ್ ಆದ್ದರಿಂದ ನೇರವಾಗಿ ಕಳೆಯದೆ ವರ್ಗಗಳ ಲೆಕ್ಕದಲ್ಲಿ ಕಳೆಯಬೇಕು. ಉಳಿದದ್ದನ್ನು ನ್ಯೂಟ್ರಲ್ ರೆಸಿಸ್ಟರ್ ಹೊರಬೇಕು, ಅದು ಮೂರು ಪಟ್ಟಾಗಿ ಲೆಕ್ಕಕ್ಕೆ ಬರುವುದರಿಂದ ಸುಮಾರು 21 ಓಮ್. ಬಂದ ದಿನವೇ ಸೈಟಿನಲ್ಲಿ ಅಳೆದೆ: ಮೂರು ಟರ್ಮಿನಲ್ ಜೋಡಿಸಿ, ಅದಕ್ಕೂ ನ್ಯೂಟ್ರಲ್‌ಗೂ ನಡುವೆ ಸಿಂಗಲ್ ಫೇಸ್ 30 ವೋಲ್ಟ್ ಕೊಟ್ಟರೆ 10 ಆಂಪಿಯರ್. 3V/I ಅಂದರೆ ಸರಿಯಾಗಿ 9 ಓಮ್. ಒಂದು ಅರ್ಧ ಸುತ್ತು ತಿರುಗಿ ಜೋಡಣೆಯಾಗಿದ್ದರೆ ಈ ಅಂಕಿ ಎಲ್ಲೋ ಏರಿರುತ್ತಿತ್ತು. ಹತ್ತು ನಿಮಿಷದ ಕೆಲಸ, ಬಿಡಬೇಡಿ.

ಇನ್ನು ಆ ಎರಡು ರಾತ್ರಿಯ ವಿಷಯ. ಖಾಲಿ ಪ್ಯಾನೆಲ್ ಇರಲಿಲ್ಲ, ಹಾಗಾಗಿ ಝಿಗ್‌ಝಾಗನ್ನು ಫೀಡರ್‌ಗಳೆಲ್ಲ ಸೇರುವ ಬಸ್‌ಬಾರ್‌ಗೆ ಕೊಡದೆ ಮೇನ್ ಟ್ರಾನ್ಸ್‌ಫಾರ್ಮರ್‌ನ 11 ಕೆವಿ ಬುಷಿಂಗ್‌ಗೂ ಇನ್‌ಕಮರ್ ಬ್ರೇಕರ್‌ಗೂ ನಡುವೆ ಜೋಡಿಸಿದೆವು. ಟ್ರಾನ್ಸ್‌ಫಾರ್ಮರ್‌ನ ಎರಡು ಕಡೆಯ ಕರೆಂಟನ್ನು ಹೋಲಿಸಿ ವ್ಯತ್ಯಾಸ ಕಂಡರೆ ಹೊಡೆಯುವುದು ಡಿಫರೆನ್ಷಿಯಲ್ ರಿಲೇ. ಅದಕ್ಕೆ 11 ಕೆವಿ ಕಡೆಯ ಕರೆಂಟು ಅಳೆದು ಕೊಡುವ ಸಿಟಿಗಳು ಬ್ರೇಕರ್ ಪ್ಯಾನೆಲ್‌ನಲ್ಲಿ. ಅಂದರೆ ಝಿಗ್‌ಝಾಗ್ ಡಿಫರೆನ್ಷಿಯಲ್‌ನ ವಲಯದ ಒಳಗೆ ಕೂತಿತು. ಇದರ ಅರ್ಥವೇನೆಂದು ಆಗ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಮೂರನೇ ವಾರ, ರಾತ್ರಿ, ದೂರದ ಒಂದು ಫೀಡರ್‌ನಲ್ಲಿ ಅರ್ಥ್ ಫಾಲ್ಟ್. ಆ ಫೀಡರ್‌ನ ರಿಲೇ 0.3 ಸೆಕೆಂಡಿಗೆ ತೆಗೆಯಬೇಕಿತ್ತು. ಅದಕ್ಕೂ ಮೊದಲೇ ಡಿಫರೆನ್ಷಿಯಲ್ ಹೊಡೆದು ಇಡೀ ಟ್ರಾನ್ಸ್‌ಫಾರ್ಮರ್ ಲಾಕ್‌ಔಟ್. ಡಿಫರೆನ್ಷಿಯಲ್ ಹೊಡೆದರೆ ಸುಮ್ಮನೆ ಮತ್ತೆ ಚಾರ್ಜ್ ಮಾಡುವಂತಿಲ್ಲ. ಎಣ್ಣೆ ನೋಡಿ, ಇನ್ಸುಲೇಷನ್ ಅಳೆದು, ಒಳಗೆ ಸುಟ್ಟರೆ ಏಳುವ ಗ್ಯಾಸನ್ನು ಹಿಡಿಯುವ ಬುಕ್‌ಹೋಲ್ಜ್ ರಿಲೇಯಲ್ಲಿ ಗ್ಯಾಸ್ ಇಲ್ಲವೆಂದು ಖಾತ್ರಿ ಮಾಡುವಷ್ಟರಲ್ಲಿ ಬೆಳಗಾಯಿತು. ಒಳಗೆ ಏನೂ ಆಗಿರಲಿಲ್ಲ. ಎಂಟು ದಿನಕ್ಕೆ ಮತ್ತೆ ಅದೇ ಕಥೆ.

ಎರಡನೇ ಸಲ ರಿಲೇಯ ರೆಕಾರ್ಡ್ ತೆಗೆದು ಕೂತೆ. ಮೂರೂ ಫೇಸ್‌ನ ಡಿಫರೆನ್ಷಿಯಲ್ ಕರೆಂಟು ಒಂದೇ ಅಳತೆ, ಪೂರ್ಣ ಕರೆಂಟಿನ 0.38 ಪಾಲು, ಒಂದರ ಮೇಲೊಂದು ಇಟ್ಟಂತೆ ಒಂದೇ ಕೋನ. ಒಳಗೆ ನಿಜವಾಗಿ ಸುತ್ತು ಕೆಟ್ಟಿದ್ದರೆ ಮೂರು ಫೇಸ್ ಹೀಗೆ ಒಟ್ಟಿಗೆ ಏಳುವುದಿಲ್ಲ. ಲೆಕ್ಕ ಹಾಕಿದೆ. ಹೊರಗಿನ ಫಾಲ್ಟಿಗೆ 11 ಕೆವಿ ಸಿಟಿಗಳಲ್ಲಿ ಕೆಟ್ಟ ಫೇಸಿಗೆ 300 ಆಂಪಿಯರ್, ಉಳಿದೆರಡಕ್ಕೆ ಸೊನ್ನೆ. ಆದರೆ ಮೇನ್ ಟ್ರಾನ್ಸ್‌ಫಾರ್ಮರ್ ಕೊಡುತ್ತಿರುವುದು ಕೆಟ್ಟ ಫೇಸಿಗೆ 200, ಉಳಿದೆರಡರಲ್ಲಿ ತಲಾ 100 ಎದುರು ದಿಕ್ಕಿಗೆ. ವ್ಯತ್ಯಾಸ ಮೂರೂ ಫೇಸಿಗೆ 100. ಅದನ್ನು ಕೊಡುತ್ತಿರುವುದು ಝಿಗ್‌ಝಾಗ್. ಡೆಲ್ಟಾ ಅದನ್ನು 33 ಕೆವಿ ಕಡೆಗೆ ದಾಟಿಸುವುದಿಲ್ಲ, ಹಾಗಾಗಿ ಆ ಕಡೆಯ ಸಿಟಿಗಳಿಗೆ ಅದರ ಸುಳಿವೇ ಇಲ್ಲ. ಟ್ರಾನ್ಸ್‌ಫಾರ್ಮರ್‌ನ ಪೂರ್ಣ ಕರೆಂಟು 262 ಆಂಪಿಯರ್. 100 ಅಂದರೆ 0.38. ರಿಲೇ ಹೊಡೆಯಲು ನಾವಿಟ್ಟಿದ್ದ ಪಿಕಪ್ 0.2.

ಮೊದಲು ಬೈದದ್ದು ಝಿಗ್‌ಝಾಗನ್ನೇ. ತಪ್ಪು ಅದರದಲ್ಲ, ಅದೇ ಜಾಗದಲ್ಲಿ ಸ್ಟಾರ್-ಡೆಲ್ಟಾ ಕೂತಿದ್ದರೂ ಇದೇ ಆಗುತ್ತಿತ್ತು. 11 ಕೆವಿ ಸುತ್ತು ಡೆಲ್ಟಾ ಎಂದು ರಿಲೇಗೆ ಹೇಳಿದ್ದೆವು, ಆದ್ದರಿಂದ ಆ ಕಡೆ ಜೀರೊ ಸೀಕ್ವೆನ್ಸ್ ಕಳೆಯುವ ಸೆಟ್ಟಿಂಗ್ ಆಫ್ ಆಗಿತ್ತು. ಅದನ್ನು ಆನ್ ಮಾಡಿದೆವು. ಸಿಟಿ 300/1, ಆ ಕಡೆಯ ಮೂರು ಫೇಸ್ ಇನ್‌ಪುಟ್‌ಗಳನ್ನು ಸರಣಿಯಲ್ಲಿ ಜೋಡಿಸಿ 0.33 ಆಂಪಿಯರ್ ಇಂಜೆಕ್ಟ್ ಮಾಡಿದೆ. ಮೊದಲು ಟ್ರಿಪ್ ಆಗುತ್ತಿದ್ದ ರಿಲೇ ಈಗ ಸೊನ್ನೆ ತೋರಿಸಿತು. ಒಳಗಿನ ಫಾಲ್ಟಿಗೆ ಇದರಿಂದ ಕುರುಡಾಗುತ್ತದೇನೋ ಎಂಬ ಭಯವಿತ್ತು. 11 ಕೆವಿ ಬುಷಿಂಗ್ ನೆಲಕ್ಕೆ ಬಿದ್ದರೆ 33 ಕೆವಿ ಕಡೆಯಿಂದಲೇ 200 ಆಂಪಿಯರ್‌ಗೆ ಸಮನಾದದ್ದು ಕಾಣುತ್ತದೆ, 0.76. ಸಾಕು. ಝಿಗ್‌ಝಾಗ್‌ನದೇ ನ್ಯೂಟ್ರಲ್ ತುದಿಯ ಫಾಲ್ಟ್ ಮಾತ್ರ ಇದಕ್ಕೆ ಸಿಗದು, ಅದನ್ನು ಅದರ ಬುಕ್‌ಹೋಲ್ಜ್‌ಗೆ ಬಿಟ್ಟಿದ್ದೇವೆ.

ಬಸ್ ಮೇಲೆ ಬೇರೆ ಬ್ರೇಕರ್ ಹಾಕಿ ಕೊಟ್ಟಿದ್ದರೆ ಈ ತಲೆನೋವಿರಲಿಲ್ಲ. ಆದರೆ ಆ ಬ್ರೇಕರ್ ಯಾವುದೋ ಕಾರಣಕ್ಕೆ ತೆರೆದಿದ್ದರೆ ಇಡೀ 11 ಕೆವಿ ಮತ್ತೆ ನೆಲವಿಲ್ಲದೆ ನಿಲ್ಲುತ್ತದೆ, ಫೀಡರ್‌ಗಳಲ್ಲಿ ದೀಪಗಳು ಎಂದಿನಂತೆ ಉರಿಯುತ್ತಿರುತ್ತವೆ. ರಾತ್ರಿ ಪಾಳಿಯಲ್ಲಿ ಒಬ್ಬನೇ ಇರುವ ನಮ್ಮಂಥ ಕಡೆ, ಮರೆತರೂ ಟ್ರಾನ್ಸ್‌ಫಾರ್ಮರ್ ಜೊತೆಗೇ ಏಳುವ ನ್ಯೂಟ್ರಲ್ ನನಗೆ ವಾಸಿ.

ಸದ್ದು, ಜಾಗ, ಎಣ್ಣೆ ಸೋರಿಕೆ: ಎರಡೂ ಒಂದೇ. ಸಬ್‌ಸ್ಟೇಷನ್ನಿನ ದೀಪ-ಬ್ಯಾಟರಿಗೆ ಬೇಕಾದ ಸಪ್ಲೈಗೆ ಝಿಗ್‌ಝಾಗ್ ಮೇಲೆ ಒಂದು ಆಕ್ಸಿಲಿಯರಿ ಸುತ್ತು ಹಾಕಿಸಿಕೊಳ್ಳಬಹುದು, ನಾವು ಹಾಕಿಸಿಕೊಂಡೆವು. ಮುಂದಿನ ಯೂನಿಟ್‌ಗೂ ಝಿಗ್‌ಝಾಗನ್ನೇ ಬರೆದಿದ್ದೇನೆ. ಈ ಸಲ ಡಿಫರೆನ್ಷಿಯಲ್ ಸೆಟ್ಟಿಂಗ್ ಶೀಟಿನ ಮೊದಲ ಸಾಲೇ, ವಲಯದೊಳಗೆ ಅರ್ಥಿಂಗ್ ಟ್ರಾನ್ಸ್‌ಫಾರ್ಮರ್ ಇದೆ ಎಂದು.