ಪ್ಲೇಟಿನ ಎಡ ಮೂಲೆಯಲ್ಲಿ ನನ್ನದೇ ಹೆಬ್ಬೆರಳು

ತ್ರೀಡಿ ಪ್ರಿಂಟರ್ ಇಟ್ಟುಕೊಂಡಿರುವವರು, ಅದರಲ್ಲೂ ತರಿತರಿ ಮೈಯ ಪಿಇಐ ಪ್ಲೇಟ್ ಬಳಸುವವರು, ದಯವಿಟ್ಟು ಇದನ್ನು ಓದಿ. ಈ ಮಳೆಗಾಲದಲ್ಲಿ ಶಿರಸಿಯ ನಮ್ಮ ಮನೆಯಲ್ಲಿ ನಾನು ಹನ್ನೊಂದು ದಿನಗಳನ್ನೂ ಒಂದು ಹಾಟೆಂಡನ್ನೂ ಕಳೆದುಕೊಂಡೆ. ಕಾರಣ ಕೈಯ ಜಿಡ್ಡು, ಮತ್ತು ಅದನ್ನು ತೆಗೆಯಲು ಹೋಗಿ ನಾನು ಸವರಿದ ತಪ್ಪು ದ್ರವ.

ಜೇನು ಸಾಕುವ ಹಿರಿಯರೊಬ್ಬರು ತುಡುವೆ ಪೆಟ್ಟಿಗೆಗಳ ಬಾಗಿಲಿಗೆ ಹಾಕಲು 24 ಪಟ್ಟಿಗಳನ್ನು ಕೇಳಿದ್ದರು. ಒಂದೊಂದು ಪಟ್ಟಿ 180 ಮಿ.ಮೀ. ಉದ್ದ, 20 ಅಗಲ, 4 ದಪ್ಪ. ಪಿಎಲ್‌ಎ ಬಿಸಿಲಿಗೆ ಬಾಗುತ್ತದೆ ಎಂದು ಪಿಇಟಿಜಿ ಹಾಕಿದೆ. ನಾಝಲ್ 240 ಡಿಗ್ರಿ, ಬೆಡ್ 80 ಡಿಗ್ರಿ. ಒಮ್ಮೆಗೆ ಆರು ಪಟ್ಟಿಯಂತೆ ಮೊದಲ ಸುತ್ತು ಚೆನ್ನಾಗಿ ಬಂತು. ಎರಡನೆಯದರಲ್ಲಿ ಮುಂಭಾಗದ ಎಡ ತುದಿಯ ಪಟ್ಟಿ ಅರ್ಧ ದಪ್ಪಕ್ಕೆ ಬರುವಷ್ಟರಲ್ಲಿ ಮೂಲೆ ಮೇಲೆದ್ದಿತು. ಮತ್ತೆ ಹಾಕಿದೆ. ಅದೇ ಮೂಲೆ, ಅದೇ ರೀತಿ.

ಮಳೆಗಾಲವಲ್ಲವೇ, ಫಿಲಮೆಂಟ್ ತೇವ ಹೀರಿದೆ ಎಂದು ಮೊದಲು ಅಂದುಕೊಂಡೆ. 65 ಡಿಗ್ರಿಯಲ್ಲಿ ಆರು ಗಂಟೆ ಒಣಗಿಸಿದೆ. ಫಲವಿಲ್ಲ. ತೇವವಾದ ಫಿಲಮೆಂಟ್ ನಾಝಲಿನಲ್ಲಿ ಚಟಪಟ ಎನ್ನುತ್ತದೆ, ಎಲ್ಲೆಡೆ ಕೂದಲಿನಂತಹ ಎಳೆಗಳನ್ನು ಬಿಡುತ್ತದೆ. ನನ್ನಲ್ಲಿ ಅವೆರಡೂ ಇರಲಿಲ್ಲ. ಆಗಲೇ ಆ ಅನುಮಾನವನ್ನು ಬಿಡಬೇಕಿತ್ತು.

ಅನಂತರ ಮಾಡಿದ್ದೇ ದೊಡ್ಡ ತಪ್ಪು. ಪ್ಲೇಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ, ಅಂದರೆ ಐಪಿಎಯಿಂದ, ಒರೆಸಬೇಕೆಂದು ಗೊತ್ತಿತ್ತು. ಮನೆಯಲ್ಲಿ ಕೈಗೆ ಹಚ್ಚುವ ಸ್ಯಾನಿಟೈಸರ್ ಬಾಟಲಿ ಇತ್ತು, ಅದರ ಮೇಲೆ ಐಸೊಪ್ರೊಪೈಲ್ ಎಂದೂ ಬರೆದಿತ್ತು. ಹಳೆಯ ಬನಿಯನ್ ಬಟ್ಟೆಗೆ ಅದನ್ನು ಸುರಿದುಕೊಂಡು ಇಡೀ ಪ್ಲೇಟನ್ನು ಉಜ್ಜಿದೆ. ಅಲ್ಲಿಯವರೆಗೆ ಒಂದು ಮೂಲೆ ಏಳುತ್ತಿತ್ತು; ಅಂದಿನಿಂದ ಎಲ್ಲ ಮೂಲೆಗಳೂ ಏಳತೊಡಗಿದವು. ಸ್ಯಾನಿಟೈಸರಿನಲ್ಲಿ ಚರ್ಮ ಒಣಗದಿರಲೆಂದು ಗ್ಲಿಸರಿನ್ ಹಾಕುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿಯೇ ಅದು 1.45 ಶೇಕಡಾ ಇದೆ. ಆಲ್ಕೋಹಾಲ್ ಆರಿಹೋಗುತ್ತದೆ, ಗ್ಲಿಸರಿನ್ ಉಳಿಯುತ್ತದೆ.

ಇದು ತಿಳಿಯದೆ ನಾನು ನಾಝಲನ್ನು ಕೆಳಗಿಳಿಸಿದೆ. ಇನ್ನಷ್ಟು ಒತ್ತಿದರೆ ಅಂಟೀತು ಎಂದು ಒಂದೊಂದು ಸಲಕ್ಕೆ 0.05 ಮಿ.ಮೀ.ನಂತೆ ಇಳಿಸುತ್ತ ಹೋದೆ. ನಾಲ್ಕನೆಯ ಸಲ ನಾಝಲ್ ಪ್ಲೇಟಿನ ಲೇಪವನ್ನು ಗೀರಿಕೊಂಡು ಹೋಯಿತು. ಆ ಬಿಳಿ ಗೆರೆ ಇಂದಿಗೂ ಇದೆ, ಅಳಿಸಲು ಬರುವುದಿಲ್ಲ. ಅದೇ ರಾತ್ರಿ, ಮೊದಲ ಪದರ ಹೇಗೋ ಹಿಡಿಯಿತೆಂದು ಮಲಗಿಬಿಟ್ಟೆ. ಬೆಳಿಗ್ಗೆ ನೋಡಿದರೆ ಕಿತ್ತುಬಂದ ಪಟ್ಟಿ ನಾಝಲಿಗೆ ಅಂಟಿಕೊಂಡು, ಅದರ ಮೇಲೆ ಪ್ಲಾಸ್ಟಿಕ್ ಸುರಿದು ಸುರಿದು ನಿಂಬೆಗಾತ್ರದ ಗಡ್ಡೆಯಾಗಿತ್ತು. ಬಿಸಿ ಮಾಡಿ ಬಿಡಿಸುವಾಗ ಥರ್ಮಿಸ್ಟರ್ ತಂತಿ ತುಂಡಾಯಿತು. ಹೊಸ ಹಾಟೆಂಡ್ ತರಿಸಿದೆ.

ಕಾರವಾರದಲ್ಲಿ ಇದೇ ಕೆಲಸ ಮಾಡುವ ಗೆಳೆಯನಿಗೆ ಕೊನೆಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ಅವನು ಕೇಳಿದ್ದು ಒಂದೇ: "ಮಾರಾಯ, ಪಟ್ಟಿ ಬಿಡಿಸಲು ಪ್ಲೇಟ್ ಬಗ್ಗಿಸುವಾಗ ನಿನ್ನ ಹೆಬ್ಬೆರಳು ಎಲ್ಲಿರುತ್ತದೆ?"

ಪ್ಲೇಟನ್ನು ಕೈಗೆತ್ತಿಕೊಂಡು ಬಗ್ಗಿಸಿ ನೋಡಿದೆ. ಎಡಗೈ ಹೆಬ್ಬೆರಳು ನೇರವಾಗಿ ಆ ಮೂಲೆಗೆ ಹೋಗಿ ಕುಳಿತಿತು. ಮೊದಲ ಸುತ್ತಿನ ಪಟ್ಟಿಗಳನ್ನು ಬಿಡಿಸಿದ್ದು ಭಾನುವಾರ, ತಲೆಗೆ ತೆಂಗಿನೆಣ್ಣೆ ಹಚ್ಚಿಕೊಂಡ ಮೇಲೆ. ಎಣ್ಣೆ ಹಚ್ಚಿಕೊಳ್ಳದಿದ್ದರೂ ವ್ಯತ್ಯಾಸ ಹೆಚ್ಚಿಲ್ಲ. ತೊಳೆದು ಒರೆಸಿದ ಕೈ ಕೂಡ ಸ್ವಲ್ಪ ಹೊತ್ತಿನಲ್ಲೇ ಜಿಡ್ಡು ಬಿಡುತ್ತದೆ.

ಕಾವಲಿಗೆ ಎಣ್ಣೆ ಸವರುವುದು ದೋಸೆ ಅಂಟದಿರಲಿ ಎಂದಲ್ಲವೇ? ಪ್ಲೇಟಿನ ಮೇಲೆ ಆಗುವುದೂ ಅದೇ. ತರಿ ಪ್ಲೇಟಿನಲ್ಲಿ ಇನ್ನೂ ಎರಡು ತೊಂದರೆಗಳಿವೆ. ಕರಗಿದ ಪ್ಲಾಸ್ಟಿಕ್ ಹೆಚ್ಚಾಗಿ ತರಿಗಳ ತುದಿಗಳನ್ನೇ ಹಿಡಿದುಕೊಳ್ಳುವುದರಿಂದ ಹಿಡಿತದ ಜಾಗವೇ ಕಡಿಮೆ, ಬೆರಳು ಜಿಡ್ಡು ಬಿಡುವುದೂ ಆ ತುದಿಗಳ ಮೇಲೆಯೇ. ಒರೆಸಲು ಹೋದರೆ ಬಟ್ಟೆ ತುದಿಗಳ ಮೇಲೆ ಜಾರುತ್ತದೆ, ಜಿಡ್ಡು ತಗ್ಗುಗಳಿಗೆ ಇಳಿದು ಅಲ್ಲೇ ಕೂರುತ್ತದೆ. ಐಪಿಎ ಜಿಡ್ಡನ್ನು ಕರಗಿಸುತ್ತದೆ ನಿಜ, ಆದರೆ ಕರಗಿದ್ದನ್ನು ಹೊತ್ತೊಯ್ಯುವುದು ಬಟ್ಟೆ ಅಥವಾ ಕಾಗದ. ಅದಕ್ಕೆ ಹತ್ತುವ ಮೊದಲೇ ಐಪಿಎ ಆರಿದರೆ ಜಿಡ್ಡು ತೆಳುವಾಗಿ ಪ್ಲೇಟಿಗೆಲ್ಲ ಹರಡಿರುತ್ತದೆ. ಸೋಪು ಹಾಗಲ್ಲ. ಅದು ಜಿಡ್ಡನ್ನು ಹಿಡಿದುಕೊಳ್ಳುತ್ತದೆ, ನೀರು ತಗ್ಗಿನಿಂದಲೂ ಅದನ್ನು ತೊಳೆದುಕೊಂಡು ಹೋಗುತ್ತದೆ.

ಆದ್ದರಿಂದ ಪಾತ್ರೆ ತೊಳೆಯುವ ದ್ರವ ಸೋಪಿನ ನಾಲ್ಕು ಹನಿ, ಹಂಡೆಯ ಬಿಸಿನೀರು, ಒಂದು ಮೆತ್ತನೆಯ ಬ್ರಷ್ ತೆಗೆದುಕೊಂಡೆ. ಮೈಸೋಪು ಬೇಡ, ಅದರಲ್ಲಿ ಚರ್ಮಕ್ಕೆಂದು ಎಣ್ಣೆಯಂಶ ಉಳಿಸಿರುತ್ತಾರೆ. ಕೈಗೆ ಮೃದುವೆಂದು ಹೇಳಿಕೊಳ್ಳುವ ಪಾತ್ರೆ ಸೋಪನ್ನೂ ಬಿಡಿ. ಉಜ್ಜುಪುಡಿ ಬೆರೆಸಿದ ಬಿಲ್ಲೆ, ಕಬ್ಬಿಣದ ನಾರು ಲೇಪವನ್ನು ಗೀರುತ್ತವೆ. ಪ್ಲೇಟಿನ ಎರಡು ಮೈಗಳನ್ನೂ ಸುತ್ತುಸುತ್ತಾಗಿ ಉಜ್ಜಿ, ನೊರೆ ಪೂರ್ತಿ ಹೋಗುವವರೆಗೆ ತೊಳೆದು, ಅಂಚಿನಲ್ಲಷ್ಟೇ ಹಿಡಿದು ಹೊಸ ಟಿಶ್ಯೂ ಕಾಗದದಿಂದ ಒತ್ತಿ ಒಣಗಿಸಿದೆ. ನಮ್ಮ ಹವೆಯಲ್ಲಿ ನೀರು ಉಳಿದರೆ ಉಕ್ಕಿನ ಅಂಚು ತುಕ್ಕು ಹಿಡಿಯುತ್ತದೆ, ಹಾಗಾಗಿ ಬೆಡ್ ಮೇಲಿಟ್ಟು ಹತ್ತು ನಿಮಿಷ ಬಿಸಿಯನ್ನೂ ಕೊಟ್ಟೆ. ನಾಝಲನ್ನು ಹಳೆಯ ಎತ್ತರಕ್ಕೆ ತಂದು, ಗೀರು ಬಿದ್ದ ಜಾಗ ತಪ್ಪಿಸಿ ನಾಲ್ಕು ಪಟ್ಟಿಗಳನ್ನು ಹಾಕಿದೆ. ನಾಲ್ಕೂ ಕೂತವು.

ನಂಬಿಕೆ ಸಾಲದೆ ಇನ್ನೊಂದು ಪರೀಕ್ಷೆ ಮಾಡಿದೆ. ಹಿಂಭಾಗದ ಬಲ ಮೂಲೆಗೆ ಬೇಕೆಂದೇ ಹೆಬ್ಬೆರಳು ಒತ್ತಿದೆ. ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದಾಗ ಅಲ್ಲಿ ಮಂಕಾದ ಅಂಡಾಕಾರದ ಗುರುತು ಕಂಡಿತು. ಅಲ್ಲಿಗೆ ಬಂದ ಪಟ್ಟಿಯ ತುದಿ ಎದ್ದಿತು. ಪ್ಲೇಟನ್ನು ಹಿಂದುಮುಂದಾಗಿ ತಿರುಗಿಸಿ ಕೂರಿಸಿದೆ; ಏಳುವ ತುದಿ ಮುಂಭಾಗದ ಎಡಕ್ಕೆ ಬಂತು. ನೀವು ಮೊದಲ ದಿನವೇ ಮಾಡಬೇಕಾದದ್ದು ಇದು. ದೋಷ ಪ್ಲೇಟಿನ ಜೊತೆ ತಿರುಗಿದರೆ ಕೊಳೆ. ಯಂತ್ರದ ಅದೇ ಮೂಲೆಯಲ್ಲಿ ಉಳಿದರೆ ಬೆಡ್ಡಿನ ಮಟ್ಟವನ್ನೋ ಗಾಳಿಯನ್ನೋ ನೋಡಿ. ಪ್ಲೇಟ್ ಒಂದೇ ರೀತಿ ಕೂರುವಂಥದ್ದಾದರೆ ಮೇಲಿನ ಮೈ ಕೆಳಗೆ ಮಾಡಿ ಹಾಕಿ ನೋಡಬಹುದು.

ಐಪಿಎಯನ್ನು ನಾನು ಬಿಟ್ಟಿಲ್ಲ. 99 ಶೇಕಡಾದ್ದನ್ನು ತರಿಸಿಟ್ಟಿದ್ದೇನೆ, ಪ್ರಿಂಟುಗಳ ನಡುವೆ ಅದರಿಂದಲೇ ಒರೆಸುತ್ತೇನೆ. ಒದ್ದೆ ಕಾಗದದಿಂದ ಒಂದೇ ದಿಕ್ಕಿಗೆ ಒಮ್ಮೆ, ಆರುವ ಮೊದಲೇ ಒಣ ಕಾಗದದಿಂದ ಇನ್ನೊಮ್ಮೆ. ಹಿಡಿತ ಸಡಿಲವಾಯಿತೆನಿಸಿದರೆ ಸೋಪು. ಬಿಸಿ ಬೆಡ್ ಮೇಲೆ ಐಪಿಎ ಖಂಡಿತ ಬೇಡ. ಅದು ಜಿಡ್ಡು ಕರಗಿಸುವ ಮೊದಲೇ ಆವಿಯಾಗುತ್ತದೆ, ಆ ಆವಿ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಅಸಿಟೋನನ್ನು ತರಿ ಪ್ಲೇಟಿನ ಹತ್ತಿರ ತರಬೇಡಿ.

ನುಣುಪು ಪಿಇಐ ಪ್ಲೇಟಿನಲ್ಲಿ ಪಿಇಟಿಜಿ ಹಾಕುವವರಿಗೆ ಅಪಾಯ ಬೇರೆ ಕಡೆಯಿಂದ ಬರುತ್ತದೆ. ಅಲ್ಲಿ ಮೈ ಅತಿ ಶುದ್ಧವಾದರೆ ಪಿಇಟಿಜಿ ಬಿಗಿಯಾಗಿ ಅಂಟಿ, ತೆಗೆಯುವಾಗ ಪಿಇಐ ಚೂರನ್ನೇ ಕಿತ್ತುಕೊಂಡು ಬರಬಹುದು. ತೊಳೆದ ಮೇಲೆ ಗ್ಲೂ ಸ್ಟಿಕ್ ತೆಳುವಾಗಿ ಸವರಿ ಹಾಕಿ.

24 ಪಟ್ಟಿಗಳು ಕಳೆದ ವಾರ ಜೇನುಪೆಟ್ಟಿಗೆಗಳಿಗೆ ಹೋದವು. ಈಗ ಪ್ಲೇಟ್ ಬಗ್ಗಿಸುವಾಗ ಹೆಬ್ಬೆರಳಿನ ಕೆಳಗೆ ಒಂದು ಕಾಗದದ ತುಂಡನ್ನು ಇಟ್ಟುಕೊಳ್ಳುತ್ತೇನೆ.