ರೆಫರೆನ್ಸ್ ಚೆಕ್ ಮಾಡಿಕೊಡ್ತೀವಿ ಅನ್ನೋ ಏಜೆನ್ಸಿಗೆ ದುಡ್ಡು ಕೊಡೋ ಮೊದಲು ಇದನ್ನು ಓದಿ

ಪೀಣ್ಯದ ಒಂದು ಮಶೀನ್ ಶಾಪ್‌ನಲ್ಲಿ ಎಚ್‌ಆರ್ ಕೆಲಸ ನನ್ನದು. ಎಚ್‌ಆರ್ ಅಂದರೆ ದೊಡ್ಡ ಕಂಪನಿಗಳ ಥರ ಅಲ್ಲ. ಅಟೆಂಡೆನ್ಸ್, ಪಿಎಫ್, ಕ್ಯಾಂಟೀನ್ ಬಿಲ್ಲು, ಎಲ್ಲ ನಾನೇ. ಅದಕ್ಕೇ ಹೊಸಬರ ರೆಫರೆನ್ಸ್ ಚೆಕ್ ಮಾತ್ರ ಹೊರಗಿನ ಏಜೆನ್ಸಿಗೆ ಕೊಡೋಣ ಅಂತ ನಮ್ಮ ಯಜಮಾನರು ಗೊತ್ತುಮಾಡಿದ್ದರು. ಏಜೆನ್ಸಿಯ ಹೆಸರು ಹಾಕಲ್ಲ, ವಕೀಲರು ಬೇಡ ಅಂದಿದ್ದಾರೆ. ಆದರೆ ಅವರು ಮಾಡಿದ ಕೆಲಸ ಹೇಳ್ತೀನಿ. ಹೇಳಲೇಬೇಕು.

ನಮಗೆ ಸ್ಟೋರ್ಸ್ ಇನ್‌ಚಾರ್ಜ್ ಬೇಕಿತ್ತು. ಒಬ್ಬನನ್ನು ಆರಿಸಿದೆವು. ಜಿಗಣಿ ಕಡೆಯ ಕಂಪನಿಯೊಂದರಲ್ಲಿ ಇದೇ ಕೆಲಸ ಮಾಡಿದ್ದವನು, ಇಂಟರ್ವ್ಯೂನಲ್ಲಿ ಚೆನ್ನಾಗಿ ಮಾತಾಡಿದ. ಏಜೆನ್ಸಿಯಿಂದ ರಿಪೋರ್ಟ್ ಬಂತು. ಲೆಟರ್‌ಹೆಡ್, ಮೇಲೆ ಹಸಿರು ಬಣ್ಣದಲ್ಲಿ ‘ಕ್ಲಿಯರ್’ ಅಂತ ಸೀಲು. ಹಿಂದಿನ ಮ್ಯಾನೇಜರ್ ಜೊತೆ ಮಾತಾಡಿದ್ದೇವೆ, ಪ್ರಾಮಾಣಿಕ, ಶ್ರಮಜೀವಿ, ಟೈಮಿಗೆ ಸರಿಯಾಗಿ ಬರ್ತಾನೆ, ಯಾವ ದೂರೂ ಇಲ್ಲ, ಅಂತೆ. ಸೇರಿಸಿಕೊಂಡೆವು.

ಮಶೀನ್ ಶಾಪ್ ಗೊತ್ತಿರುವವರಿಗೆ ಕಾರ್ಬೈಡ್ ಇನ್ಸರ್ಟ್ ಗೊತ್ತು, ಲೋಹ ಕತ್ತರಿಸೋ ಟೂಲಿಗೆ ಹಾಕೋ ಬದಲಾಯಿಸಬಹುದಾದ ತುದಿ ಅದು. ಬೆರಳ ತುದಿಯಷ್ಟು ದೊಡ್ಡದು, ಹತ್ತರ ಡಬ್ಬಿಯಲ್ಲಿ ಬರುತ್ತೆ, ಜೇಬಿಗೆ ಹಾಕಿಕೊಂಡರೆ ಉಬ್ಬೂ ಕಾಣಲ್ಲ. ಬೆಲೆ ಮಾತ್ರ ಜೋರು. ಒಂದು ದಿನ ಆಪರೇಟರ್ ಒಬ್ಬರು ಹೊಸ ಡಬ್ಬಿ ಹಿಡಿದುಕೊಂಡು ಸೀದಾ ನನ್ನ ಟೇಬಲ್ ಹತ್ತಿರ ಬಂದರು. ‘ಮೇಡಮ್, ಇದನ್ನ ನೋಡಿ.’ ಸೀಲನ್ನು ಬ್ಲೇಡಿನಿಂದ ನೀಟಾಗಿ ಸೀಳಿ ಮತ್ತೆ ಅಂಟಿಸಿತ್ತು. ಒಳಗೆ ಹತ್ತೂ ಇನ್ಸರ್ಟ್ ಇವೆ, ಆದರೆ ಮೂಲೆಗಳೆಲ್ಲ ಸವೆದು ಚಕ್ಕೆ ಎದ್ದಿವೆ. ಸ್ಕ್ರ್ಯಾಪ್ ಡಬ್ಬಕ್ಕೆ ಹಾಕಿದ್ದ ಹಳೇ ಇನ್ಸರ್ಟ್‌ಗಳು ಅವು! ರ‍್ಯಾಕ್‌ನಲ್ಲಿದ್ದ ಡಬ್ಬಿಗಳನ್ನು ಒಂದೊಂದಾಗಿ ಬಿಚ್ಚಿದೆವು. ಟ್ಯಾಲಿಯಲ್ಲಿ ಸ್ಟಾಕ್ ಸರಿಯಾಗೇ ಇದೆ. ಡಬ್ಬಿಗಳ ಲೆಕ್ಕವೂ ಸರಿ. ಒಳಗಿನ ಮಾಲು ಮಾತ್ರ ಇಲ್ಲ. ಮರುದಿನದಿಂದ ಆಸಾಮಿ ಬರಲಿಲ್ಲ, ಫೋನ್ ಸ್ವಿಚ್ ಆಫ್. ಪೊಲೀಸರಿಗೆ ದೂರು ಕೊಟ್ಟಿದ್ದೇವೆ, ಅದು ಅದರ ಪಾಡಿಗೆ ನಡೀತಿದೆ.

ನನಗೆ ಅವನ ಮೇಲಿನ ಸಿಟ್ಟಿಗಿಂತ ಏಜೆನ್ಸಿ ಮೇಲಿನ ಸಿಟ್ಟು ಜಾಸ್ತಿ. ಯಾಕೆ ಅಂತ ಕೇಳಿ.

ರಿಪೋರ್ಟ್‌ನಲ್ಲಿದ್ದ ‘ಮ್ಯಾನೇಜರ್’ ನಂಬರಿಗೆ ನಾನೇ ಫೋನ್ ಮಾಡಿದೆ. ಕಂಪನಿ ಹೆಸರು ಹೇಳದೆ, ‘ನೀವು ಅಲ್ಲಿ ಯಾವ ಡಿಪಾರ್ಟ್‌ಮೆಂಟ್ ನೋಡ್ತಿದ್ರಿ ಸರ್?’ ಅಂತ ಕೇಳಿದೆ. ಆ ಕಡೆಯಿಂದ ಹುಡುಗನ ದನಿ. ‘ಯಾವ ಕಂಪನಿ ಮೇಡಮ್?’ ಸ್ವಲ್ಪ ಹೊತ್ತು ತಡವರಿಸಿ ಕೊನೆಗೆ, ‘ನಾನು ಅವನ ರೂಮ್‌ಮೇಟ್. ಯಾರಾದ್ರೂ ಫೋನ್ ಮಾಡಿದ್ರೆ ಒಳ್ಳೇದು ಹೇಳು ಅಂದಿದ್ದ’ ಅಂದ. ಅಷ್ಟೇ ಅಲ್ಲ, ‘ಆದ್ರೆ ನಿಮಗಿಂತ ಮುಂಚೆ ಯಾರೂ ಫೋನೇ ಮಾಡಿಲ್ಲ ಮೇಡಮ್’ ಅಂತಲೂ ಅಂದ.

ಯಾರೂ ಫೋನೇ ಮಾಡಿಲ್ಲ!

ಏಜೆನ್ಸಿಗೆ ಫೋನ್ ಮಾಡಿ ಕೇಳಿದೆ. ‘ಮೇಡಮ್, ರಿಪೋರ್ಟ್ ಪಾಸಿಟಿವ್ ಇತ್ತಲ್ವಾ, ಆಗ ನೀವೂ ಒಪ್ಪಿದ್ರಿ ಅಲ್ವಾ?’ ಸರಿ, ಯಾರು ಮಾತಾಡಿದ್ದು, ಯಾವ ದಿನ, ಎಷ್ಟು ಗಂಟೆಗೆ, ಏನು ಕೇಳಿದಿರಿ, ಅವರು ಏನಂದರು, ಅದರ ಕಾಲ್ ಶೀಟ್ ಕಳಿಸಿ ಅಂದೆ. ‘ಅದೆಲ್ಲ ನಮ್ಮ ಇಂಟರ್ನಲ್ ಡಾಕ್ಯುಮೆಂಟ್ ಮೇಡಮ್, ಕ್ಲೈಂಟಿಗೆ ಕೊಡಲ್ಲ.’ ಮತ್ತೆ ಕೇಳಿದ್ದಕ್ಕೆ, ಮಾತಾಡಿದ ಹುಡುಗಿ ಕೆಲಸ ಬಿಟ್ಟಿದ್ದಾಳೆ ಅಂದರು. ಮತ್ತೆ ಕೇಳಿದ್ದಕ್ಕೆ, ಕ್ಯಾಂಡಿಡೇಟ್ ತಪ್ಪು ನಂಬರ್ ಕೊಟ್ಟರೆ ನಾವೇನು ಮಾಡೋಣ ಅಂದರು. ಅಲ್ಲ ಸ್ವಾಮಿ, ನಂಬರ್ ಸರಿಯೋ ತಪ್ಪೋ ನೋಡೋದಕ್ಕೇ ಅಲ್ವಾ ನಿಮಗೆ ದುಡ್ಡು ಕೊಡೋದು?

ಆ ಸಂಜೆ ಅವರು ಹಿಂದೆ ಕಳಿಸಿದ್ದ ರಿಪೋರ್ಟ್‌ಗಳನ್ನೆಲ್ಲ ತೆಗೆದು ಪಕ್ಕಪಕ್ಕ ಇಟ್ಟೆ. ಅದೇ ಸಾಲು. ಅದೇ ಹೊಗಳಿಕೆ. ‘ಪಂಕ್ಚುಯಲ್’ ಅನ್ನೋ ಪದದ ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು. ಅದೂ ಎಲ್ಲದರಲ್ಲೂ ಹಾಗೇ ಬಿಟ್ಟುಹೋಗಿತ್ತು. ಕ್ವಾಲಿಟಿ ಸೆಕ್ಷನ್ನಿಗೆ ಸೇರಿದ ಹುಡುಗಿಯ ರಿಪೋರ್ಟ್‌ನಲ್ಲೂ ‘ಹೀ ಈಸ್ ಹಾರ್ಡ್‌ವರ್ಕಿಂಗ್’! ಆ ಪೇಪರುಗಳನ್ನು ಯಜಮಾನರ ಮುಂದೆ ಇಟ್ಟಾಗ ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

ಆಮೇಲೆ ಜಿಗಣಿಯ ಕಂಪನಿಗೆ ನಾನೇ ಫೋನ್ ಮಾಡಿದೆ. ಅಭ್ಯರ್ಥಿ ಕೊಟ್ಟ ಮೊಬೈಲ್ ನಂಬರಿಗಲ್ಲ, ಅವರ ವೆಬ್‌ಸೈಟ್‌ನಲ್ಲಿದ್ದ ಬೋರ್ಡ್ ನಂಬರಿಗೆ. ಸ್ಟೋರ್ಸ್ ಯಾರ ಕೈಕೆಳಗೆ ಬರುತ್ತೋ ಅವರಿಗೆ ಕೊಡಿ ಅಂದೆ. ಬಂದವರು ಹಿರಿಯರು, ಪ್ಲಾಂಟ್ ಮ್ಯಾನೇಜರ್. ಮೊದಲು ಬರೀ ಸೇರಿದ ತಾರೀಖು, ಬಿಟ್ಟ ತಾರೀಖು ಹೇಳಿದರು. ಅಲ್ಲೇ ಸಿಕ್ಕಿಬಿತ್ತು. ನಮಗೆ ಕೊಟ್ಟ ಎಕ್ಸ್‌ಪೀರಿಯೆನ್ಸ್ ಲೆಟರ್‌ನಲ್ಲಿ ಮಾರ್ಚ್‌ವರೆಗೆ ಅಂತ ಇತ್ತು, ಅವನು ಬಿಟ್ಟಿದ್ದು ಡಿಸೆಂಬರ್‌ನಲ್ಲಿ. ‘ಸರ್, ಅವನು ಬಿಟ್ಟಾಗ ಸ್ಟಾಕ್ ಎಣಿಸಿ ಇನ್ನೊಬ್ಬರಿಗೆ ಕೈ ಬದಲಾಯಿಸಿದ್ರಾ?’ ಅಂದೆ. ಸುಮ್ಮನಾದರು. ಆಮೇಲೆ, ‘ಎಣಿಸೋ ದಿನ ಅವನು ಬರಲೇ ಇಲ್ಲಮ್ಮ’ ಅಂದರು. ಈ ಒಂದು ಮಾತು ನಮಗೆ ಮೊದಲೇ ಸಿಗಬೇಕಿತ್ತು. ಒಂದು ಫೋನ್ ಕಾಲ್ ಅಷ್ಟೇ! ಅದಕ್ಕೇ ನಾವು ದುಡ್ಡು ಕೊಟ್ಟಿದ್ದು.

ಈಗ ಈ ಕೆಲಸ ಯಾರಿಗೂ ಕೊಡಲ್ಲ, ನಾನೇ ಮಾಡ್ತೀನಿ. ಹೇಗೆ ಅಂತ ಹೇಳ್ತೀನಿ, ನಿಮಗೂ ಏಜೆನ್ಸಿಯವರನ್ನು ಹಿಡಿದು ಕೇಳೋಕೆ ಆಗುತ್ತೆ.

ಮೊದಲು ಅಭ್ಯರ್ಥಿಯಿಂದ ಬರಹದಲ್ಲಿ ಒಪ್ಪಿಗೆ ತಗೋತೀನಿ, ಯಾರ‍್ಯಾರಿಗೆ ಫೋನ್ ಮಾಡ್ತೀನಿ ಅಂತ ಹೆಸರು ಸಮೇತ. ಈಗ ಕೆಲಸ ಮಾಡ್ತಿರೋ ಕಡೆಗೆ ಆಫರ್ ಕೊಡೋ ತನಕ ಫೋನ್ ಮಾಡಲ್ಲ. ಪಾಪ, ಇಲ್ಲಿ ಸಿಗದೆ ಅಲ್ಲೂ ಹೋದರೆ? ತಾರೀಖುಗಳಿಗೆ ಅವರದೇ ಫೋನಿನಲ್ಲಿ ಇಪಿಎಫ್‌ಒ ಮೆಂಬರ್ ಪೋರ್ಟಲ್‌ಗೆ ಲಾಗಿನ್ ಆಗಿ Service History ತೋರಿಸಿ ಅಂತೀನಿ. ಪಾಸ್‌ವರ್ಡ್ ನಾನು ಕೇಳಲ್ಲ. ಯಾವ ಕಂಪನಿ, ಯಾವತ್ತಿನಿಂದ ಯಾವತ್ತಿನವರೆಗೆ ಅಂತ ಅಲ್ಲಿ ಕಾಣುತ್ತೆ. ಒಂದು ಮಾತು: 20 ಜನಕ್ಕಿಂತ ಕಡಿಮೆ ಇರೋ ಕಂಪನಿಗೆ ಪಿಎಫ್ ಕಡ್ಡಾಯ ಅಲ್ಲ, ಹಾಗಾಗಿ ಅಲ್ಲಿ ಹೆಸರು ಇಲ್ಲ ಅಂದ ಮಾತ್ರಕ್ಕೆ ಸುಳ್ಳು ಅಂತ ಅಲ್ಲ. ಕೆಲವು ಕಡೆ ಬಿಟ್ಟ ತಾರೀಖು ಹಾಕೋದು ತಡವಾಗಿರುತ್ತೆ. ವ್ಯತ್ಯಾಸ ಕಂಡರೆ ಅಭ್ಯರ್ಥಿಯನ್ನೇ ಮೊದಲು ಕೇಳಿ.

ಫೋನಿನಲ್ಲಿ ರೆಸ್ಯೂಮೆ ಓದಿ ‘ಇದು ಸರೀನಾ?’ ಅಂತ ಕೇಳಬೇಡಿ. ಎಲ್ಲರೂ ಹೂಂ ಅಂತಾರೆ. ಅವರ ಬಾಯಿಂದಲೇ ಬರಲಿ: ಯಾವಾಗ ಸೇರಿದ್ದು, ನಿಮ್ಮ ಕೈಕೆಳಗೆ ಎಷ್ಟು ಕಾಲ ಇದ್ದರು, ದಿನದ ಕೆಲಸ ಏನು. ಸುಳ್ಳು ಮ್ಯಾನೇಜರ್ ಇಲ್ಲೇ ತೊದಲುತ್ತಾನೆ. ‘ಹೇಗಿದ್ದಾನೆ?’ ಅಂದರೆ ‘ಒಳ್ಳೇ ಹುಡುಗ’ ಅಂತ ಬರುತ್ತೆ, ಅದರಿಂದ ಏನೂ ಉಪಯೋಗ ಇಲ್ಲ. ಆ ಕೆಲಸದಲ್ಲಿ ಎಲ್ಲಿ ತಪ್ಪಾಗಬಹುದೋ ಅದನ್ನು ಕೇಳಿ. ಸ್ಟೋರ್ಸ್ ಆದರೆ ಸ್ಟಾಕ್ ಎಣಿಕೆ ಎಷ್ಟು ದಿನಕ್ಕೊಮ್ಮೆ, ವ್ಯತ್ಯಾಸ ಬಂದಾಗ ಏನು ಮಾಡಿದರು, ಬಿಟ್ಟಾಗ ಯಾರಿಗೆ ವಹಿಸಿದರು. ಕೊನೆಗೆ, ‘ಮತ್ತೆ ಬಂದರೆ ಕೆಲಸ ಕೊಡ್ತೀರಾ?’ ಮದುವೆ, ಮಕ್ಕಳು, ಜಾತಿ, ಕಾಯಿಲೆ ಇವೆಲ್ಲ ಬೇಡ. ಅವರಾಗಿ ಹೇಳಿದರೂ ನಾನು ಬರೆದುಕೊಳ್ಳಲ್ಲ.

ಬರೆದುಕೊಳ್ಳೋದು ಇನ್ನೂ ಮುಖ್ಯ. ಫೋನ್ ಇಟ್ಟ ತಕ್ಷಣ ಬರೀಬೇಕು, ಸಂಜೆಗೆ ಅಂತ ಬಿಟ್ಟರೆ ಅವರ ಮಾತು ಹೋಗಿ ನಮ್ಮ ಮಾತು ಉಳಿಯುತ್ತೆ. ಮೇಲೆ ತಾರೀಖು, ಸಮಯ, ಫೋನ್ ಮಾಡಿದ ನಂಬರ್, ಆ ನಂಬರ್ ನನಗೆ ಎಲ್ಲಿಂದ ಸಿಕ್ಕಿತು, ಮಾತಾಡಿದವರ ಹೆಸರು ಮತ್ತು ಹುದ್ದೆ. ಕೆಳಗೆ ಪ್ರಶ್ನೆ, ಪಕ್ಕದಲ್ಲಿ ಅವರು ಅಂದ ಹಾಗೇ ಉತ್ತರ. ನನಗೆ ಅನ್ನಿಸಿದ್ದು ಬೇರೆ ಕಾಲಂ. ಜಿಆರ್‌ಎನ್ ಅಂದರೆ ಬಂದ ಮಾಲನ್ನು ದಾಖಲಿಸೋ ಚೀಟಿ. ಈ ಸಲ ಬಂದ ಹೊಸ ಸ್ಟೋರ್ಸ್ ಅಭ್ಯರ್ಥಿಯ ಶೀಟಿನಲ್ಲಿ ಹೀಗಿದೆ: ‘ಸ್ವಲ್ಪ ನಿಧಾನ. ಮಾಲು ಬಂದ ದಿನ ಜಿಆರ್‌ಎನ್ ಹಾಕಲ್ಲ, ಮರುದಿನ ಹಾಕ್ತಾರೆ. ಆದ್ರೆ ಎಣಿಕೆ ತಪ್ಪಿದ್ದು ನಾನು ನೋಡಿಲ್ಲ.’ ಪಕ್ಕದ ಕಾಲಂನಲ್ಲಿ ನಾನು: ‘ತಕ್ಷಣ ಉತ್ತರಿಸಿದರು. ಇಂಟರ್ವ್ಯೂನಲ್ಲಿ ಜಿಆರ್‌ಎನ್ ಬಗ್ಗೆ ಅಭ್ಯರ್ಥಿಯೂ ಇದನ್ನೇ ಒಪ್ಪಿದ್ದರು.’ ಇಂಥ ಸಣ್ಣ ದೂರು ಇರೋ ರೆಫರೆನ್ಸ್ ನನಗೆ ಹಸಿರು ಸೀಲಿಗಿಂತ ಎಷ್ಟೋ ವಾಸಿ. ಅವರನ್ನೇ ತಗೊಂಡೆವು. ಜಿಆರ್‌ಎನ್ ಈಗಲೂ ಮರುದಿನವೇ!

ಕೆಲವು ಕಂಪನಿಯವರು ತಾರೀಖು ಮತ್ತು ಹುದ್ದೆ ಬಿಟ್ಟು ಏನೂ ಹೇಳಲ್ಲ, ಅವರ ಪಾಲಿಸಿ ಹಾಗಿರುತ್ತೆ. ಅದನ್ನು ‘ಪಾಲಿಸಿ, ಉತ್ತರ ಇಲ್ಲ’ ಅಂತಲೇ ಬರೀರಿ. ಏನೋ ಮುಚ್ಚಿಡ್ತಿದ್ದಾರೆ ಅಂತ ಕಥೆ ಕಟ್ಟಬೇಡಿ, ಎಲ್ಲ ಸರಿ ಇದೆ ಅಂತಲೂ ಬರೀಬೇಡಿ. ಕಾಲ್ ರೆಕಾರ್ಡ್ ಮಾಡೋದಿದ್ದರೆ ಮೊದಲೇ ಹೇಳಿ ಕೇಳಿ. ನಾನಂತೂ ಮಾಡಲ್ಲ, ರೆಕಾರ್ಡ್ ಅಂದ ತಕ್ಷಣ ಜನ ಬಾಯಿ ಬಿಗಿ ಹಿಡೀತಾರೆ.

ಏಜೆನ್ಸಿಗೇ ಕೊಡ್ತೀವಿ ಅನ್ನೋರು ರಿಪೋರ್ಟ್ ಜೊತೆ ಕಾಲ್ ಶೀಟ್ ಕೊಡ್ತೀರಾ ಅಂತ ಮೊದಲೇ ಕೇಳಿ, ಕರಾರಿನಲ್ಲಿ ಬರೆಸಿ. ಆಗಾಗ ಒಂದು ನಂಬರಿಗೆ ನೀವೇ ಫೋನ್ ಮಾಡಿ, ‘ನಮ್ಮ ಕಡೆಯಿಂದ ಫೋನ್ ಬಂದಿತ್ತಾ?’ ಅಂತ ಕೇಳಿ. ಇಂಟರ್ನಲ್ ಡಾಕ್ಯುಮೆಂಟ್ ಅಂದರೆ ಅಲ್ಲೇ ಎದ್ದು ಬನ್ನಿ.

ನಮ್ಮ ಏಜೆನ್ಸಿಯವರು ಈಗ ಕೊನೆಯ ಬಿಲ್ಲಿಗೆ ಮೇಲಿಂದ ಮೇಲೆ ಮೇಲ್ ಹಾಕ್ತಿದ್ದಾರೆ. ‘ಸರ್ವಿಸ್ ಕೊಟ್ಟಿದ್ದೇವೆ ಮೇಡಮ್, ಪೇಮೆಂಟ್ ಬಾಕಿ ಇದೆ.’ ಕಾಲ್ ಶೀಟ್ ಕಳಿಸಿ, ಪೇಮೆಂಟ್ ಮಾಡ್ತೀನಿ ಅಂತ ಉತ್ತರ ಬರೆದಿದ್ದೀನಿ. ಇನ್ನೂ ಕಳಿಸಿಲ್ಲ.