50 ಸೆಂಟಿಗಿಂತ 46 ಸೆಂಟೇ ಮೇಲು: ಮೂರು ವಜ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಕೊಂಡದ್ದು 46 ಸೆಂಟಿನ ಕಲ್ಲು, ಇವತ್ತು ಮತ್ತೆ ಕೊಳ್ಳುವುದಾದರೂ ಅದನ್ನೇ ಕೊಳ್ಳುತ್ತೇನೆ. ಸಕಲೇಶಪುರದ ಅತ್ತಿಗೆಯ ಉಂಗುರದಲ್ಲಿರುವುದು 50 ಸೆಂಟಿನದು. ಬಣ್ಣ, ಶುದ್ಧತೆ ಎರಡರದ್ದೂ ಒಂದೇ ದರ್ಜೆ. ಅವರು ಕೊಟ್ಟಿದ್ದು ನನಗಿಂತ ಸುಮಾರು ಹದಿನೆಂಟು ಸಾವಿರ ಹೆಚ್ಚು. ಆದರೂ ಹಾಸನದ ನಮ್ಮ ಮನೆಯ ಜಗಲಿಯಲ್ಲಿ ಎರಡು ಕೈಗಳನ್ನೂ ಜೋಡಿಸಿ ಹಿಡಿದಾಗ ಅತ್ತಿಗೆಯೇ, "ನಿನ್ನದೇ ದೊಡ್ಡದಾಗಿ ಕಾಣುತ್ತದಲ್ಲೇ" ಎಂದರು. ಮೂರನೆಯದು ನಮ್ಮ ಮನೆಗೆ ಹಳೆಯ ಪರಿಚಯದ ಚಿನಿವಾರರು ನನ್ನ ಕಲ್ಲಿನ ಜೊತೆಗೇ ನೋಡಲು ತಂದಿದ್ದ 49 ಸೆಂಟಿನ ಕಲ್ಲು. ಅದನ್ನು ಕೆಲವು ದಿನ ಇಟ್ಟುಕೊಂಡು ನೋಡಿ ಹಿಂದಿರುಗಿಸಿದೆ. ಮೂರೂ ಗುಂಡು ಬ್ರಿಲಿಯಂಟ್, ಅಂದರೆ ಹಲವು ಮುಖಗಳಾಗಿ ಕತ್ತರಿಸಿದ ದುಂಡನೆಯ ಕಲ್ಲುಗಳು.

ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ, ನೂರು ಸೆಂಟು. ಅದು ತೂಕವೇ ಹೊರತು ಗಾತ್ರವಲ್ಲ. ಅತ್ತಿಗೆಯ ಕಲ್ಲಿನ ಪ್ರಮಾಣಪತ್ರದಲ್ಲಿ ವ್ಯಾಸ 4.93 ಮಿಲಿಮೀಟರ್, ಆಳ ವ್ಯಾಸದ 65.5 ಶೇಕಡಾ ಎಂದಿದೆ. ನನ್ನದು 4.96 ಮಿಲಿಮೀಟರ್, ಆಳ 61.5 ಶೇಕಡಾ. ನಾಲ್ಕು ಸೆಂಟು ಕಡಿಮೆ ತೂಗುವ ಕಲ್ಲು ಮೇಲಿನಿಂದ ಕೂದಲೆಳೆಯಷ್ಟು ಅಗಲವಾಗಿಯೇ ಇದೆ. ಹಾಗಾದರೆ ಅತ್ತಿಗೆ ದುಡ್ಡು ಕೊಟ್ಟ ಆ ಹೆಚ್ಚಿನ ತೂಕ ಎಲ್ಲಿದೆ? ಸ್ವಲ್ಪ ಕೆಳಹೊಟ್ಟೆಯಲ್ಲಿ, ಸ್ವಲ್ಪ ಗರ್ಡಲ್‌ನಲ್ಲಿ. ಗರ್ಡಲ್ ಎಂದರೆ ಕಲ್ಲಿನ ಸೊಂಟ, ಉಂಗುರದ ಹಲ್ಲುಗಳು ಹಿಡಿಯುವ ಅಂಚು. ನನ್ನ ಕಲ್ಲಿನಲ್ಲಿ ಅದು ವ್ಯಾಸದ ಮೂರೂವರೆ ಶೇಕಡಾ ದಪ್ಪ, ಅವರದರಲ್ಲಿ ಐದು ಶೇಕಡಾದ ಹತ್ತಿರ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದು ಪಕ್ಕದಿಂದ ನೋಡಿದರೆ ಬಿಳಿಯ ಪಟ್ಟಿಯೊಂದು ಕಲ್ಲನ್ನು ಸುತ್ತುಗಟ್ಟಿದ ಹಾಗೆ ಎದ್ದು ಕಾಣುತ್ತದೆ. ಮೇಲಿನಿಂದ ನೋಡುವವರಿಗೆ ಅದರ ಗುರುತೇ ಸಿಗುವುದಿಲ್ಲ.

ಹೀಗೆ ಕತ್ತರಿಸುವವರಿಗೆ ತಲೆ ಇಲ್ಲವೆಂದಲ್ಲ, ಲೆಕ್ಕ ಚೆನ್ನಾಗಿ ಗೊತ್ತಿದೆ. ವ್ಯಾಪಾರದ ದರಪಟ್ಟಿಯಲ್ಲಿ 40ರಿಂದ 49 ಸೆಂಟಿನವರೆಗೆ ಒಂದು ದರ, 50ರಿಂದ 69ರವರೆಗೆ ಇನ್ನೊಂದು. 49 ದಾಟಿ 50 ಮುಟ್ಟಿದ ತಕ್ಷಣ ಕಲ್ಲಿನ ಪ್ರತಿ ಸೆಂಟಿನ ಬೆಲೆಯೂ ಮೇಲೇರುತ್ತದೆ. ಕಚ್ಚಾ ಕಲ್ಲಿನಿಂದ ಒಳ್ಳೆಯ ಕೋನದ 46 ಸೆಂಟು ತೆಗೆಯಬಹುದು, ಇಲ್ಲವೇ ಹೊಟ್ಟೆ ಉಳಿಸಿಕೊಂಡು 50 ತೆಗೆಯಬಹುದು ಎಂದಾಗ ಎರಡನೆಯದಕ್ಕೆ ಮನಸ್ಸು ಎಳೆಯುವುದು ಸಹಜ. ಹಾಗಾಗಿ 50, 70, 100 ಸೆಂಟಿನ ಗಡಿಯ ಮೇಲೆಯೇ ಸರಿಯಾಗಿ ಕೂತಿರುವ ಕಲ್ಲು ಕಂಡರೆ ನಾನು ತೂಕವನ್ನು ಬಿಟ್ಟು ಮೊದಲು ವ್ಯಾಸ ಕೇಳುತ್ತೇನೆ.

ಇನ್ನು ಬೆಳಕಿನ ವಿಷಯ. ವಜ್ರದ ಒಳಗೆ ಹೋದ ಬೆಳಕು ಒಳಗೋಡೆಗೆ ಲಂಬರೇಖೆಯಿಂದ ಸುಮಾರು 24.4 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಡಿದರೆ ಹೊರಗೆ ಹೋಗಲಾರದೆ ಪೂರ್ತಿಯಾಗಿ ಹಿಂದಕ್ಕೆ ಪುಟಿಯುತ್ತದೆ. ಅದಕ್ಕಿಂತ ಕಡಿಮೆಯಾದರೆ ಬಹುಪಾಲು ಗೋಡೆ ದಾಟಿ ಸೋರಿಹೋಗುತ್ತದೆ. ಚೆನ್ನಾಗಿ ಕತ್ತರಿಸಿದ ಕಲ್ಲಿನಲ್ಲಿ ಬೆಳಕು ಮೇಲಿನಿಂದ ಇಳಿದು, ಕೆಳಗಿನ ಒಂದು ಇಳಿಜಾರಿಗೆ ಬಡಿದು, ಎದುರಿನ ಇಳಿಜಾರಿಗೆ ಹಾರಿ, ಅಲ್ಲಿಂದ ಮತ್ತೆ ಮೇಲೆ ಕಣ್ಣಿಗೆ ಬರುತ್ತದೆ. ನನ್ನ ಕಲ್ಲಿನ ಮೇಲ್ಭಾಗದ ಕೋನ, ಅಂದರೆ ಕ್ರೌನ್, 34.5 ಡಿಗ್ರಿ. ಕೆಳಭಾಗದ್ದು, ಅಂದರೆ ಪೆವಿಲಿಯನ್, 40.8. ಕ್ರೌನ್ ಇಳಿಜಾರಿನ ಮೂಲಕ ನೇರ ಕೆಳಗೆ ಬಂದ ಕಿರಣವೊಂದನ್ನು ಕಾಗದದ ಮೇಲೆ ಹಿಂಬಾಲಿಸಿದರೆ, ಎರಡನೆಯ ಗೋಡೆಗೆ ಅದು ಬಡಿಯುವುದು ಸುಮಾರು 36.7 ಡಿಗ್ರಿಯಲ್ಲಿ. ಗಡಿಗೂ ಅದಕ್ಕೂ ಹನ್ನೆರಡು ಡಿಗ್ರಿಯ ಅಂತರವಿದೆ. ಅತ್ತಿಗೆಯ ಕಲ್ಲಿನದು 36.5 ಮತ್ತು 41.8. ಅದೇ ಕಿರಣ ಅಲ್ಲಿ 32ಕ್ಕೆ ಇಳಿಯುತ್ತದೆ, ಅಂತರ ಎಂಟಕ್ಕಿಂತ ಕಡಿಮೆ. ಬೆರಳನ್ನು ಸ್ವಲ್ಪ ಓರೆ ಮಾಡಿದರೂ ಕಲ್ಲಿನ ಮೇಲಿನ ಚಪ್ಪಟೆ ಮುಖವಾದ ಟೇಬಲ್‌ನ ಅಂಚಿನ ಕೆಳಗೆ ಕಿರಣಗಳು ಒಂದೊಂದಾಗಿ ಗಡಿಯೊಳಗೆ ಜಾರಿ, ಹಿಂದಿನಿಂದ ಸೋರಿಹೋಗುತ್ತವೆ.

1919ರಲ್ಲಿ ವಜ್ರ ಕತ್ತರಿಸುವ ಮನೆತನದ ಎಂಜಿನಿಯರ್ ಮಾರ್ಸೆಲ್ ಟೋಲ್ಕೋವ್‌ಸ್ಕಿ ಲೆಕ್ಕ ಹಾಕಿ ಕೊಟ್ಟ ಕೋನಗಳು 34.5 ಮತ್ತು 40.75. ಆ ಎರಡು ಅಂಕಿಗಳನ್ನೇ ಹಿಡಿದು ಕೂರಬೇಕಾಗಿಲ್ಲ. ಮೇಲಿನದು ಸ್ವಲ್ಪ ಕಡಿದಾದರೆ ಕೆಳಗಿನದು ಸ್ವಲ್ಪ ತಗ್ಗಬೇಕು, ಮೇಲಿನದು ತಗ್ಗಿದರೆ ಕೆಳಗಿನದು ಏರಬಹುದು. ಎರಡೂ ಒಟ್ಟಿಗೆ ಕಡಿದಾದಾಗಲೇ ಕೇಡು.

ಈಗ ನನ್ನನ್ನು ನಿಜವಾಗಿ ರೇಗಿಸಿದ ಸಂಗತಿಗೆ ಬರುತ್ತೇನೆ: ಅಂಗಡಿಯ ದೀಪ. ಇಷ್ಟೆಲ್ಲ ವ್ಯತ್ಯಾಸವಿರುವ ಕಲ್ಲುಗಳು ಅಂಗಡಿಯಲ್ಲಿ ಬೇರೆಬೇರೆಯಾಗಿ ಕಾಣುವುದೇ ಇಲ್ಲ. ಮೇಲಿನ ಚಿಕ್ಕ ಚಿಕ್ಕ ಎಲ್‌ಇಡಿ ದೀಪಗಳು ಸೂಜಿಮೊನೆಯಂತಹ ತೀಕ್ಷ್ಣ ಬೆಳಕು ಚೆಲ್ಲುತ್ತವೆ. ಅಂತಹ ಹತ್ತಾರು ದೀಪಗಳ ಕೆಳಗೆ ಯಾವ ಕಲ್ಲಿನಲ್ಲಾದರೂ ಯಾವುದೋ ಒಂದು ಮುಖ ಯಾವುದೋ ಒಂದು ದೀಪವನ್ನು ಹಿಡಿದು ಕಣ್ಣಿಗೆ ಎಸೆಯುತ್ತದೆ. ಸೋರುವ ಭಾಗ ಎಷ್ಟಿದೆ ಎಂದು ಯೋಚಿಸಲು ಕಣ್ಣಿಗೆ ಬಿಡುವೇ ಸಿಗದು. ಅತ್ತಿಗೆ ತಮ್ಮ ಕಲ್ಲನ್ನು ಆರಿಸಿದ್ದು ಇಂತಹ ದೀಪಗಳ ಕೆಳಗೆ, ಅದೂ ಕಪ್ಪು ಮಖಮಲ್ಲಿನ ಮೇಲೆ. ಆ ಅಂಗಡಿಯ ಹೆಸರು ಇಲ್ಲಿ ಬೇಡ. ಕಲ್ಲನ್ನು ಬಾಗಿಲ ಬಳಿ ಒಯ್ದು ನೋಡುತ್ತೇನೆ ಎಂದಾಗ "ಭದ್ರತೆ ದೃಷ್ಟಿಯಿಂದ ಆಗುವುದಿಲ್ಲ ಮೇಡಂ" ಎಂದರಂತೆ. ಕಟ್ ಹೇಗೆ ಎಂದು ಕೇಳಿದ್ದಕ್ಕೆ ಪ್ರಮಾಣಪತ್ರದಲ್ಲಿನ "ಗುಡ್" ಎಂಬುದನ್ನು ಬೆರಳಿಟ್ಟು ತೋರಿಸಿದರಂತೆ. ಆ ದರ್ಜೆ ಐದು ಮೆಟ್ಟಿಲುಗಳಲ್ಲಿ ಮೂರನೆಯದು. ಮೇಲೆ ಎಕ್ಸಲೆಂಟ್, ವೆರಿ ಗುಡ್ ಇವೆ ಎಂದು ಯಾರೂ ಹೇಳಲಿಲ್ಲ.

ಹಾಸನದಲ್ಲಿ ನಾವು ಬದುಕುವುದು ಆ ದೀಪಗಳ ಕೆಳಗಲ್ಲ. ಜೂನ್ ಬಂತೆಂದರೆ ಮೋಡ, ಜಿಟಿಜಿಟಿ ಮಳೆ, ಮನೆಯೊಳಗೆ ಟ್ಯೂಬ್‌ಲೈಟು, ಶಾಲೆಯ ಕೊಠಡಿಯಲ್ಲಿ ಕಿಟಕಿಯಿಂದ ಬರುವ ಬೂದು ಬೆಳಕು. ಎಲ್ಲ ಕಡೆಯಿಂದ ಸಮನಾಗಿ ಬರುವ ಇಂತಹ ಬೆಳಕಿನಲ್ಲಿ ಮಿಂಚು ಕಡಿಮೆ, ಕಲ್ಲಿನ ಒಟ್ಟು ಬಿಳುಪೇ ಮುಖ್ಯ. ಅಲ್ಲಿ ಅತ್ತಿಗೆಯ ಕಲ್ಲಿನ ನಡುವೆ, ಟೇಬಲ್ ಅಂಚಿನ ಒಳಗೆ, ಬೂದು ಬಣ್ಣದ ಉಂಗುರವೊಂದು ಮೂಡುತ್ತದೆ. ಹೊಳೆಯುವ ಭಾಗ ಕಿರಿದಾಗುವುದರಿಂದ ಕಲ್ಲೇ ಸಣ್ಣದಾದಂತೆ ತೋರುತ್ತದೆ. ಜಗಲಿಯಲ್ಲಿ ಅತ್ತಿಗೆ ಕಂಡದ್ದು ಇದನ್ನೇ. ವ್ಯಾಸದ 0.03 ಮಿಲಿಮೀಟರ್ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವಂಥದ್ದಲ್ಲ.

ಮನೆಯಲ್ಲೇ ಖಚಿತ ಮಾಡಿಕೊಳ್ಳಲು ಒಂದು ಉಪಾಯವಿದೆ. ಐಡಿಯಲ್ ಸ್ಕೋಪ್ ಎಂಬ ಪುಟ್ಟ ಕೊಳವೆ ಇದೇ ತತ್ವದ ಮೇಲೆ ಕೆಲಸ ಮಾಡುತ್ತದೆ. ನಾನು ಒಳಗೂ ಕೆಂಪಾಗಿರುವ ಕಾಗದದ ಲೋಟವೊಂದರ ತಳಕ್ಕೆ ಸಣ್ಣ ತೂತು ಮಾಡಿದೆ. ಮೊಬೈಲ್ ಪರದೆಯನ್ನು ಪೂರ್ತಿ ಬಿಳಿ ಮಾಡಿ ಅದರ ಮೇಲೆ ಬಿಡಿ ಕಲ್ಲನ್ನು ಟೇಬಲ್ ಮೇಲಾಗಿ ಇಟ್ಟು, ಲೋಟವನ್ನು ಬೋರಲು ಹಾಕಿ, ತೂತಿನಿಂದ ಇನ್ನೊಂದು ಮೊಬೈಲಿನ ಕ್ಯಾಮೆರಾದಲ್ಲಿ ನೋಡಿದೆ. ಮೇಲಿನ ಬೆಳಕನ್ನು ಹಿಂದಿರುಗಿಸುವ ಭಾಗ ಕೆಂಪಾಗಿ ಕಾಣುತ್ತದೆ. ಸೋರುವ ಭಾಗದಲ್ಲಿ ಕೆಳಗಿನ ಪರದೆಯ ಬಿಳುಪು ಇಣುಕುತ್ತದೆ. ಕ್ಯಾಮೆರಾದ್ದೇ ನೆರಳು ಬಿದ್ದಲ್ಲಿ ಕಪ್ಪು. ನನ್ನ ಕಲ್ಲು ಬಹುತೇಕ ಕೆಂಪು, ನಡುವೆ ಎಂಟು ಕಪ್ಪು ಬಾಣಗಳು. ಅತ್ತಿಗೆಯದು ಉಂಗುರದಲ್ಲಿ ಕೂತಿದ್ದರಿಂದ ಸ್ವಲ್ಪ ಹೆಣಗಬೇಕಾಯಿತು. ಆದರೂ ಟೇಬಲ್ ಅಂಚಿನ ಸುತ್ತ ತೆಳು ಗುಲಾಬಿಯ ವರ್ತುಲ ಬಂದೇ ಬಂತು.

ಎಣ್ಣೆಯ ಕಥೆಯೂ ಇದರ ಜೊತೆಗೇ ಇದೆ. ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ. ಒಗ್ಗರಣೆಯ ಕೈ, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಎಲ್ಲವೂ ಕಲ್ಲಿನ ಹಿಂಬದಿ ಸೇರುತ್ತವೆ. ಹಿಂದೆ ಗಾಳಿಯ ಬದಲು ಎಣ್ಣೆಯಿದ್ದರೆ ಆ 24.4 ಡಿಗ್ರಿಯ ಗಡಿ ಸುಮಾರು 37ಕ್ಕೆ ಏರುತ್ತದೆ. ಆಗ ನನ್ನ ಕಲ್ಲೂ ಮಂಕಾಗುತ್ತದೆ, ಅತ್ತಿಗೆಯದು ಗಾಜಿನ ಚೂರಿನಂತಾಗುತ್ತದೆ. ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ಎರಡು ಹನಿ ಹಾಕಿ, ಮೆದು ಬ್ರಷ್ಷಿನಿಂದ ಹಿಂಬದಿಯನ್ನು ಉಜ್ಜಿದರೆ ಸಾಕು. ಮೇಲ್ಮುಖವನ್ನಷ್ಟೇ ಒರೆಸುವುದರಿಂದ ಏನೂ ಪ್ರಯೋಜನವಿಲ್ಲ.

ಮೂರನೆಯ ಕಲ್ಲು ಅತ್ತಿಗೆಯದಕ್ಕೆ ತದ್ವಿರುದ್ಧ. 49 ಸೆಂಟು, ವ್ಯಾಸ 5.20, ಆಳ ಬರೀ 57 ಶೇಕಡಾ ಚಿಲ್ಲರೆ, ಟೇಬಲಿನ ಅಗಲ ವ್ಯಾಸದ 62 ಶೇಕಡಾ, ಪೆವಿಲಿಯನ್ 39.6 ಡಿಗ್ರಿ. ಕೊಟ್ಟ ದುಡ್ಡಿಗೆ ಅಗಲ ಧಾರಾಳ. ತೊಂದರೆ ಗೊತ್ತಾಗುವುದು ಕೈಯನ್ನು ಮುಖದ ಹತ್ತಿರ ತಂದಾಗ. ಕೆಳಕೋನ ತಗ್ಗಿದ ಕಲ್ಲು ನೋಡುವವರ ತಲೆಯ ದಿಕ್ಕಿನಿಂದಲೇ ಬೆಳಕನ್ನು ಬೇಡುತ್ತದೆ, ಆ ತಲೆಯೇ ಬೆಳಕಿಗೆ ಅಡ್ಡ ಬರುತ್ತದೆ. ಮಕ್ಕಳ ಉತ್ತರಪತ್ರಿಕೆ ತಿದ್ದುವಾಗ ನನ್ನ ಕೈ ಕಣ್ಣಿಗೆ ಒಂದು ಗೇಣು ದೂರದಲ್ಲಿರುತ್ತದೆ. ಅಲ್ಲಿ ಅದು ಕಪ್ಪಾಗಿ ಕೂರುತ್ತಿತ್ತು. ಸ್ವಲ್ಪ ವಾಲಿಸಿದರೆ ಟೇಬಲ್‌ನ ಒಳಗೆ ಗರ್ಡಲ್‌ನ ಪ್ರತಿಬಿಂಬ ಬೂದು ಗೆರೆಯಾಗಿ ಇಣುಕುತ್ತಿತ್ತು. ವ್ಯಾಪಾರದವರು ಇದನ್ನು ಮೀನುಗಣ್ಣು ಎನ್ನುತ್ತಾರೆ.

ಪಾಲಿಶ್, ಸಿಮೆಟ್ರಿ ಮೂರರಲ್ಲೂ ಸಾಕಷ್ಟು ಚೆನ್ನಾಗಿದ್ದವು, ಬರಿಗಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವಾದರೂ ಕೋನದ ಲೆಕ್ಕ ಇದೇ.

ಎಕ್ಸಲೆಂಟ್ ಎಂದು ಬರೆದಿದ್ದರೆ ಕಣ್ಣು ಮುಚ್ಚಿಕೊಂಡು ಕೊಳ್ಳಬಹುದೇ? ಬಹುಮಟ್ಟಿಗೆ ಹೌದು, ಪೂರ್ತಿ ಅಲ್ಲ. ರತ್ನಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಅಮೆರಿಕದ ಸಂಸ್ಥೆ ಜಿಐಎ ಗುಂಡು ಬ್ರಿಲಿಯಂಟ್‌ಗಳಿಗೆ 2006ರಿಂದ ಕೊಡುತ್ತಿರುವ ಈ ದರ್ಜೆಯ ಬೇಲಿ ಅಗಲವಾಗಿದೆ. ಕ್ರೌನ್ 35.5, ಪೆವಿಲಿಯನ್ 41.2 ಇರುವ ತುಸು ಕಡಿದಾದ ಕಲ್ಲೂ ಅದರೊಳಗೆ ಬರಬಹುದು. ಜೊತೆಗೆ ಅಲ್ಲಿ ಅಚ್ಚಾಗುವ ಕೋನಗಳು ಸರಾಸರಿ ತೆಗೆದು ದುಂಡಾಗಿಸಿದ ಅಂಕಿಗಳು, ಕ್ರೌನ್ ಅರ್ಧ ಡಿಗ್ರಿಗೆ, ಪೆವಿಲಿಯನ್ 0.2 ಡಿಗ್ರಿಗೆ. ಹಾಗಾಗಿ ನಾನು ಪತ್ರದ ಕೆಳಗಿನ ಚಿತ್ರದಲ್ಲಿರುವ ಎರಡು ಕೋನಗಳನ್ನು ಓದಿಕೊಂಡು, ಆಮೇಲೆ ಕಲ್ಲನ್ನು ಕಿಟಕಿಯ ಬಳಿ ಬಿಳಿಯ ಕಾಗದದ ಮೇಲೆ ಇಟ್ಟು ನೋಡುತ್ತೇನೆ. ಕಿಟಕಿಯವರೆಗೆ ಕಲ್ಲನ್ನು ಬಿಡದ ಅಂಗಡಿಯಲ್ಲಿ ನನಗೆ ವ್ಯಾಪಾರವಿಲ್ಲ.

ದಿನವೂ ಧರಿಸುವ, ಹತ್ತಿರದಿಂದ ನೋಡುವ ಉಂಗುರಕ್ಕೆ, ನನ್ನಂತೆ ಸಂಬಳದಲ್ಲಿ ಉಳಿಸಿ ಕೊಳ್ಳುವವರಿಗೆ, 46 ಸೆಂಟಿನ ಕಲ್ಲೇ ಸರಿ. ಆದರೆ ಹಿಂದಿರುಗಿಸಿದ ಆ ಅಗಲದ ಕಲ್ಲನ್ನು ನಾನು ಪೂರ್ತಿ ಕೈಬಿಟ್ಟಿಲ್ಲ. ಕಿವಿಯ ಕಲ್ಲನ್ನು ಯಾರೂ ಗೇಣುದ್ದದಿಂದ ನೋಡುವುದಿಲ್ಲ, ಮಾರು ದೂರದಲ್ಲಿ ನಿಂತವರ ತಲೆ ಬೆಳಕಿಗೆ ಅಡ್ಡವೂ ಬರುವುದಿಲ್ಲ. ಅದಕ್ಕೆ ಸರಿಹೊಂದುವ ಇನ್ನೊಂದು ಕಲ್ಲು ಸಿಕ್ಕರೆ ಅಕ್ಕನ ಒಂಟಿಕಲ್ಲಿನ ಓಲೆಗೆ ತೆಗೆದಿಡಿ ಎಂದು ಚಿನಿವಾರರಿಗೆ ಹೇಳಿದ್ದೇನೆ.